ಪಗಾರದ ಅಂತರಕ್ಕೆ ಕಾರಣ ಅರ್ಹತೆಯೋ, ಲಿಂಗವೋ, ಜಾತಿಯೋ: ತೋರಿಸಿಕೊಡುವುದು ಹೇಗೆ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೆ ಜಾರಿಗೆ ಬಂದವು. ಅವುಗಳಲ್ಲೊಂದು 2019ರ ವೇತನ ಸಂಹಿತೆ. ಅದು ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ ಬಂದಿದೆ. 1976ರ ಸಮಾನ ವೇತನ ಕಾಯ್ದೆಯೂ ಆ ನಾಲ್ಕರಲ್ಲಿತ್ತು. "ಸಮಾನ ವೇತನ ಕಾಯ್ದೆ ರದ್ದು" ಎಂಬ ಮಾತನ್ನಷ್ಟೇ ಕೇಳಿದವರಿಗೆ ಇದ್ದ ಹಕ್ಕೂ ಹೋಯಿತೆಂಬ ಆತಂಕ. "ಇನ್ನು ಎಲ್ಲರಿಗೂ ಒಂದೇ ಪಗಾರ" ಎಂದು ಕೇಳಿದವರಿಗೆ ಒಂದು ದೂರು ಬರೆದರೆ ಸಾಕೆಂಬ ಭರವಸೆ. ಎರಡೂ ಪೂರ್ತಿ ಸರಿಯಲ್ಲ. ಹಕ್ಕು ಉಳಿದಿದೆ, ಆದರೆ "ನನಗೆ ಕಡಿಮೆ ಕೊಡುತ್ತಾರೆ" ಎನ್ನುವುದಕ್ಕೂ "ನಾನು ಹೆಣ್ಣೆಂಬ ಕಾರಣಕ್ಕೆ, ಅಥವಾ ನನ್ನ ಜಾತಿಯ ಕಾರಣಕ್ಕೆ ಕಡಿಮೆ ಕೊಡುತ್ತಾರೆ" ಎನ್ನುವುದಕ್ಕೂ ನಡುವೆ ದಾಟಬೇಕಾದ ದಾರಿ ದೊಡ್ಡದು. ಹೆಚ್ಚಿನ ದೂರುಗಳು ಬೀಳುವುದು ಆ ದಾರಿಯಲ್ಲೇ.

## ಹೊಸ ಕಾನೂನು ಏನು ಹೇಳುತ್ತದೆ

ವೇತನ ಸಂಹಿತೆಯ ಕಲಂ 3ರ ಪ್ರಕಾರ ಒಬ್ಬನೇ ಮಾಲೀಕನ ಕೈಕೆಳಗೆ, ಒಂದೇ ಕೆಲಸ ಅಥವಾ ಅದೇ ಸ್ವರೂಪದ ಕೆಲಸ ಮಾಡುವ ನೌಕರರ ನಡುವೆ ಲಿಂಗದ ಆಧಾರದ ಮೇಲೆ ವೇತನ ಭೇದ ಮಾಡುವಂತಿಲ್ಲ. "ಅದೇ ಸ್ವರೂಪದ ಕೆಲಸ" ಎಂದರೇನೆಂದೂ ಸಂಹಿತೆ ಬಿಡಿಸಿ ಹೇಳಿದೆ. ಆ ಕೆಲಸಕ್ಕೆ ಬೇಕಾದ ಕೌಶಲ, ಶ್ರಮ, ಅನುಭವ ಮತ್ತು ಹೊಣೆ ಒಂದೇ ಆಗಿರಬೇಕು. ಸಣ್ಣಪುಟ್ಟ ವ್ಯತ್ಯಾಸವಿದ್ದರೆ ಅದು ವ್ಯವಹಾರದಲ್ಲಿ ಮಹತ್ವದ್ದಾಗಿರಬಾರದು. ಇಲ್ಲಿ "ಬೇಕಾದ" ಎಂಬ ಪದದ ಮೇಲೆ ಕಣ್ಣಿಡಬೇಕು. ಒಬ್ಬನ ಬಳಿ ಏನೇನು ಸರ್ಟಿಫಿಕೇಟ್ ಇವೆ ಎಂಬುದಕ್ಕಿಂತ ಆ ಕೆಲಸಕ್ಕೆ ಏನು ಬೇಕು ಎಂಬುದು ಮೊದಲ ಪ್ರಶ್ನೆ.

ಭೇದ ಸರಿಪಡಿಸುವ ನೆಪದಲ್ಲಿ ಹೆಚ್ಚು ಪಡೆಯುವವರ ಪಗಾರ ಇಳಿಸುವಂತಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. "ನೀನು ದೂರು ಕೊಟ್ಟರೆ ಎಲ್ಲರ ಪಗಾರ ಕಡಿಮೆಯಾಗುತ್ತದೆ" ಎಂದು ಸಹೋದ್ಯೋಗಿಗಳನ್ನು ಎತ್ತಿಕಟ್ಟಿದರೆ ಆ ಮಾತಿಗೆ ಆಧಾರವಿಲ್ಲ.

ಆದರೆ ಕಲಂ 3ರಲ್ಲಿ ಇರುವುದು ಲಿಂಗ ಮಾತ್ರ. ಜಾತಿ ಇಲ್ಲ. 1976ರ ಕಾಯ್ದೆಯಲ್ಲೂ ಇರಲಿಲ್ಲ. ಹೀಗಾಗಿ ಒಂದೇ ಸಂಸ್ಥೆಯಲ್ಲಿ, ಒಂದೇ ಪಗಾರ ಪಟ್ಟಿಯಿಂದ ಹುಟ್ಟಿದ ಎರಡು ಅನ್ಯಾಯಗಳು ಎರಡು ಬೇರೆ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಇದು ಕಾನೂನಿನ ದೊಡ್ಡ ಕೊರತೆ.

## ತಾರಿಹಾಳದ ಒಂದು ಕಲ್ಪಿತ ಘಟಕ

ವಿಷಯ ಹಿಡಿತಕ್ಕೆ ಸಿಗಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಬಿಡಿಭಾಗ ತಯಾರಿಸುವ ಒಂದು ಘಟಕ. ಅಲ್ಲಿ ಹತ್ತು ಜನ ಕ್ವಾಲಿಟಿ ಇನ್‌ಸ್ಪೆಕ್ಟರ್‌ಗಳು: ಆರು ಗಂಡಸರು, ನಾಲ್ವರು ಹೆಣ್ಣುಮಕ್ಕಳು. ಎಲ್ಲರೂ 2020ರಿಂದ 2022ರ ನಡುವೆ ಸೇರಿದವರು. ಎಲ್ಲರ ಕೆಲಸವೂ ಒಂದೇ: ವರ್ನಿಯರ್ ಕ್ಯಾಲಿಪರ್ ಹಿಡಿದು ಅಳತೆ ನೋಡುವುದು, ನೀರಿನ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವುದು, ವರದಿಗೆ ಸಹಿ ಹಾಕುವುದು.

ಗಂಡಸರ ತಿಂಗಳ ಪಗಾರ 22,500, 22,200, 22,000, 21,800, 21,600 ಮತ್ತು 19,400 ರೂಪಾಯಿ. ಹೆಣ್ಣುಮಕ್ಕಳದ್ದು 19,000, 18,800, 18,500 ಮತ್ತು 18,200. ಗಂಡಸರಲ್ಲಿ 19,400 ಪಡೆಯುವಾತ ಪರಿಶಿಷ್ಟ ಜಾತಿಯವನು. ಹೆಣ್ಣುಮಕ್ಕಳಲ್ಲಿ 18,500 ಮತ್ತು 18,200 ಪಡೆಯುವವರು ಪರಿಶಿಷ್ಟ ಜಾತಿಯವರು. ದೂರು ಕೊಡಲು ಮುಂದಾದಾಕೆ 18,500 ಪಡೆಯುವವಳು. ಆಕೆ 2021ರ ಜೂನ್‌ನಲ್ಲಿ ಸೇರಿದ್ದು, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾಳೆ.

ಮೊದಲು ಆಕೆ ಯಾರ ಜೊತೆ ಹೋಲಿಸಿಕೊಳ್ಳಬೇಕು? ಅತಿ ಹೆಚ್ಚು ಪಡೆಯುವವನ ಜೊತೆ ಹೋಲಿಸಿಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. 22,500 ಪಡೆಯುವಾತ ಹೊಸಬರಿಗೆ ತರಬೇತಿಯನ್ನೂ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಆ ಒಂದು ಹೆಚ್ಚುವರಿ ಹೊಣೆಯನ್ನು ಹಿಡಿದೇ ಮಾಲೀಕರ ವಕೀಲರು ಇಡೀ ಹೋಲಿಕೆಯನ್ನು ಒಡೆಯಬಹುದು. 22,200 ಪಡೆಯುವಾತ 2021ರ ಆಗಸ್ಟ್‌ನಲ್ಲಿ, ಅಂದರೆ ಆಕೆಗಿಂತ ಎರಡು ತಿಂಗಳು ತಡವಾಗಿ ಸೇರಿದವನು. ಫಿಟ್ಟರ್ ಐಟಿಐ ಮಾಡಿದ್ದಾನೆ, ಅದೇ ಪಾಳಿ, ಅದೇ ಟೇಬಲ್. ಹೋಲಿಕೆಗೆ ಇವನೇ ಸರಿಯಾದವನು. ಅಂತರ 3,700 ರೂಪಾಯಿ.

ಕೆಲಸ ಒಂದೇ ಎಂದು ತೋರಿಸುವ ಭಾರ ದೂರುದಾರರ ಮೇಲಿದೆ. ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ನಡುವಿನ 2016ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವೇತನ ಸಂಹಿತೆಯ ಕಲಂ 59 ಸಾಕ್ಷ್ಯದ ಹೊಣೆಯನ್ನು ಮಾಲೀಕನ ಮೇಲೆ ಹಾಕುತ್ತದೆಂದು ಅನೇಕರು ನಂಬಿದ್ದಾರೆ. ಆ ಕಲಂ ಹೇಳುವುದು ಕೊಡಬೇಕಾದ ಹಣ ಕೊಟ್ಟಿದ್ದೇನೆಂದು ಮಾಲೀಕ ತೋರಿಸಬೇಕು ಎಂದಷ್ಟೇ. ಎಷ್ಟು ಕೊಡಬೇಕಿತ್ತು, ಯಾರಿಗೆ ಸಮನಾಗಿ ಕೊಡಬೇಕಿತ್ತು ಎಂಬ ಮೊದಲ ಹೆಜ್ಜೆ ನೌಕರಳದ್ದೇ.

ಆದರೆ ಎರಡು ಕೆಲಸಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕೆಂದೇನಿಲ್ಲ. ಮೆಕಿನಾನ್ ಮೆಕೆಂಜಿ ಕಂಪನಿ ಮತ್ತು ಆಡ್ರಿ ಡಿಕೋಸ್ಟಾ ನಡುವಿನ 1987ರ ತೀರ್ಪು ಇಲ್ಲಿ ಈಗಲೂ ಆಸರೆ. ಮಹಿಳಾ ಸ್ಟೆನೊಗ್ರಾಫರ್‌ಗಳಿಗೆ ಪುರುಷ ಸ್ಟೆನೊಗ್ರಾಫರ್‌ಗಳಿಗಿಂತ ಕಡಿಮೆ ಕೊಡುತ್ತಿದ್ದ ಪ್ರಕರಣ ಅದು. ಕೆಲಸವನ್ನು ವಿಶಾಲ ದೃಷ್ಟಿಯಿಂದ ನೋಡಬೇಕು, ಚಿಕ್ಕ ವಿವರಗಳ ವ್ಯತ್ಯಾಸದಿಂದ ಸಮಾನತೆ ತಪ್ಪಿಸಬಾರದು ಎಂದು ಕೋರ್ಟ್ ಹೇಳಿತು. ಸಮಾನವಾಗಿ ಕೊಡುವಷ್ಟು ಶಕ್ತಿ ಕಂಪನಿಗಿಲ್ಲ ಎಂಬ ವಾದವನ್ನೂ, ಯೂನಿಯನ್ ಜೊತೆ ಒಪ್ಪಂದವಾಗಿದೆ ಎಂಬ ವಾದವನ್ನೂ ಒಪ್ಪಲಿಲ್ಲ.

## ಅಂತರ ಅಡಗಿರುವುದು ಭತ್ಯೆಯಲ್ಲಿ

ಇಬ್ಬರ ಪಗಾರ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಕೆಯದ್ದು: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,200, ಮನೆ ಬಾಡಿಗೆ ಭತ್ಯೆ 1,800, ಓಡಾಟದ ಭತ್ಯೆ 500. ಅವನದ್ದು: 17,000, 3,600, 1,600. ಮೂಲ ವೇತನದಲ್ಲಿ ಅಂತರ ಬರೀ 800. ಉಳಿದ 2,900 ರೂಪಾಯಿ ಕೂತಿರುವುದು ಭತ್ಯೆಗಳಲ್ಲಿ.

"ವೇತನದಲ್ಲಿ ಅಂಥಾ ಫರಕ್ ಏನಿಲ್ಲ, ಭತ್ಯೆ ಬೇರೆ ಲೆಕ್ಕ" ಎಂದು ಆಫೀಸಿನವರು ಹೇಳುವುದು ಇದನ್ನೇ ನೆಚ್ಚಿಕೊಂಡು. ಸಂಹಿತೆಯ ಸಾಮಾನ್ಯ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ ವೇತನದಿಂದ ಹೊರಗಿವೆ ಎಂಬುದು ನಿಜ. ಆದರೆ ಅದೇ ವ್ಯಾಖ್ಯೆಗೆ ಒಂದು ಪರಂತುಕವಿದೆ: ಎಲ್ಲ ಲಿಂಗದವರಿಗೆ ಸಮಾನ ವೇತನದ ಪ್ರಶ್ನೆ ಬಂದಾಗ ಓಡಾಟದ ಭತ್ಯೆ, ಮನೆ ಬಾಡಿಗೆ ಭತ್ಯೆ, ತೀರ್ಪು ಅಥವಾ ಒಪ್ಪಂದದಂತೆ ಸಿಗುವ ಹಣ ಮತ್ತು ಓವರ್‌ಟೈಮ್ ಭತ್ಯೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಒಂದು ಸಾಲು ಗೊತ್ತಿಲ್ಲದೆ 800 ರೂಪಾಯಿಗಷ್ಟೇ ಅರ್ಜಿ ಹಾಕಿದರೆ ತಿಂಗಳಿಗೆ 2,900 ರೂಪಾಯಿ ಕೈಬಿಟ್ಟಂತೆ.

ಓವರ್‌ಟೈಮ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೋಲಿಸಬೇಕಾದ್ದು ಗಂಟೆಗೆ ಕೊಡುವ ದರವನ್ನು. ಅವನು ಹೆಚ್ಚು ಗಂಟೆ ದುಡಿದು ಹೆಚ್ಚು ಪಡೆದಿದ್ದರೆ ಅದು ಭೇದವಾಗದು.

ಹಾಗಾದರೆ ಅವನ ಪಗಾರ ಎಷ್ಟೆಂದು ಆಕೆಗೆ ತಿಳಿಯುವುದು ಹೇಗೆ? ಪಿಎಫ್ ಪಾಸ್‌ಬುಕ್ ನೋಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅನೇಕ ಸಂಸ್ಥೆಗಳು 15,000 ರೂಪಾಯಿಯ ಮಿತಿಗಷ್ಟೇ ಪಿಎಫ್ ಕಟ್ಟುತ್ತವೆ. ಅದರ ಶೇ 12 ಎಂದರೆ 1,800 ರೂಪಾಯಿ. ನಮ್ಮ ಉದಾಹರಣೆಯಲ್ಲಿ ಇಬ್ಬರ ಮೂಲ ವೇತನವೂ 15,000 ದಾಟಿದೆ, ಹಾಗಾಗಿ ಇಬ್ಬರ ಪಾಸ್‌ಬುಕ್‌ನಲ್ಲೂ ಅದೇ 1,800 ಕಾಣುತ್ತದೆ. ಅಂತರ ಅಲ್ಲಿ ಮಾಯ.

ಇದಕ್ಕಿಂತ ಗಟ್ಟಿಯಾದ ದಾಖಲೆಗಳಿವೆ. ಪಗಾರ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಯಾವ ವರ್ಗದ ನೌಕರರಿಗೆ ಎಷ್ಟು ವೇತನ ದರ ಎಂಬ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದೂ ಸಂಹಿತೆ ಹೇಳುತ್ತದೆ. ಆ ಪಟ್ಟಿಯಲ್ಲಿ ಇನ್‌ಸ್ಪೆಕ್ಟರ್‌ಗಳಿಗೆಲ್ಲ ಒಂದೇ ದರವಿದ್ದು ಕೈಗೆ ಬರುವುದು ಬೇರೆಯಾದರೆ ಅದೇ ಒಂದು ಸಾಕ್ಷ್ಯ. ಪಟ್ಟಿಯೇ ಇಲ್ಲದಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಬೇಕು. ಸಹೋದ್ಯೋಗಿ ತಾನಾಗಿ ತನ್ನ ಚೀಟಿ ತೋರಿಸಿದರೆ ತಪ್ಪೇನಿಲ್ಲ. ಆದರೆ ಎಚ್‌ಆರ್ ಕಂಪ್ಯೂಟರಿನಿಂದ ಕದ್ದು ಫೋಟೊ ತೆಗೆಯಬಾರದು. ಮಾಲೀಕನಿಗೆ ಶಿಸ್ತು ಕ್ರಮದ ಅಸ್ತ್ರವನ್ನು ನಾವೇ ಕೊಟ್ಟಂತಾಗುತ್ತದೆ. ಅದರ ಅಗತ್ಯವೂ ಇಲ್ಲ. ಅರ್ಜಿ ವಿಚಾರಣೆ ಮಾಡುವ ಅಧಿಕಾರಿಗೆ ದಾಖಲೆ ತರಿಸುವ, ಸಾಕ್ಷಿಗಳನ್ನು ಕರೆಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರವಿದೆ. "ಈ ಹತ್ತು ಜನರ 36 ತಿಂಗಳ ವೇತನ ರಿಜಿಸ್ಟರ್ ತರಿಸಿ" ಎಂಬ ಕೋರಿಕೆಯನ್ನು ಅರ್ಜಿಯ ಜೊತೆಗೇ ಕೊಟ್ಟರಾಯಿತು.

## "ಅಂವಾ ಚೊಲೊ ಕೆಲಸಾ ಮಾಡ್ತಾನ"

ಕೆಲಸ ಒಂದೇ ಎಂದು ತೋರಿಸಿದ ಮೇಲೆ ಮಾಲೀಕನ ಸರದಿ. ಅವನು ಅರ್ಹತೆಯ ಮಾತು ತೆಗೆಯುತ್ತಾನೆ. ಆ ಮಾತು ಸುಳ್ಳೆಂದು ಮೊದಲೇ ತೀರ್ಮಾನಿಸಬಾರದು. ಹಿರಿತನ, ವಿದ್ಯಾರ್ಹತೆ, ಕೆಲಸದ ಗುಣಮಟ್ಟ ಇವೆಲ್ಲ ಪಗಾರದ ವ್ಯತ್ಯಾಸಕ್ಕೆ ನ್ಯಾಯವಾದ ಕಾರಣಗಳಾಗಬಲ್ಲವು, ಕೋರ್ಟುಗಳೂ ಒಪ್ಪಿವೆ. ಕೇಳಬೇಕಾದ್ದು ಇಷ್ಟೇ: ಆ ಕಾರಣ ಪಗಾರ ನಿಗದಿ ಮಾಡುವಾಗ ಇತ್ತೇ, ಅಥವಾ ದೂರು ಬಂದ ಮೇಲೆ ಹುಟ್ಟಿತೇ? ಮತ್ತು ಆ ಅಳತೆಗೋಲನ್ನು ಎಲ್ಲರಿಗೂ ಒಂದೇ ರೀತಿ ಹಿಡಿದರೇ?

ಇದನ್ನು ಬಯಲಿಗೆಳೆಯಲು ಒಂದು ಪತ್ರ ಸಾಕು. ಕನ್ನಡದಲ್ಲೇ ಬರೆಯಬಹುದು. ನನ್ನ ಹುದ್ದೆಗೆ ವೇತನ ನಿಗದಿಯಾದದ್ದು ಯಾವ ಅಳತೆಯ ಮೇಲೆ, ಅದೇ ಹುದ್ದೆಯಲ್ಲಿ ನನಗಿಂತ ನಂತರ ಸೇರಿದವರಿಗೆ ಹೆಚ್ಚು ಕೊಡಲು ಕಾರಣವೇನು, ಕಳೆದ ಮೂರು ಇನ್‌ಕ್ರಿಮೆಂಟ್‌ಗಳನ್ನು ಯಾವ ದಿನ ಯಾರು ತೀರ್ಮಾನಿಸಿದರು ಎಂದು ಕೇಳಿದರೆ ಸಾಕು. ಜಾತಿ, ಲಿಂಗ, ಭೇದ ಎಂಬ ಪದಗಳು ಈ ಮೊದಲ ಪತ್ರದಲ್ಲಿ ಬೇಡ. ಆರೋಪವಿಲ್ಲದ ಪತ್ರಕ್ಕೆ ನೇರ ಉತ್ತರ ಬರುವ ಸಾಧ್ಯತೆ ಹೆಚ್ಚು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಲ್ಲವೇ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಮೊದಲ ಉತ್ತರದಲ್ಲಿ "ಅವನ ವಿದ್ಯಾರ್ಹತೆ" ಎಂದಿದ್ದು, ವಿಚಾರಣೆಯಲ್ಲಿ "ಅವನ ಅಪ್ರೈಸಲ್" ಎಂದು ಬದಲಾದರೆ, ಹಾಗೆ ಬದಲಾಗುವ ಕಾರಣವೇ ದೂರುದಾರಳ ಬಲವಾದ ಸಾಕ್ಷ್ಯ.

ನಮ್ಮ ಉದಾಹರಣೆಯಲ್ಲಿ ವಿದ್ಯಾರ್ಹತೆಯ ವಾದ ನಿಲ್ಲುವುದಿಲ್ಲ: ಆಕೆಯದ್ದು ಡಿಪ್ಲೊಮಾ, ಅವನದ್ದು ಐಟಿಐ. ರಾತ್ರಿ ಪಾಳಿಯ ವಾದ ಬಂದರೆ ಡ್ಯೂಟಿ ಚಾರ್ಟ್ ನೋಡಬೇಕು. ರಾತ್ರಿ ದುಡಿದ ದಿನಗಳಿಗೆ ಪ್ರತ್ಯೇಕ ಭತ್ಯೆ ಕೊಟ್ಟರೆ ಅದು ನ್ಯಾಯವೇ. ಆದರೆ ಅವನು ಒಂದು ದಿನವೂ ರಾತ್ರಿ ಪಾಳಿಗೆ ಹೋಗದ ತಿಂಗಳಲ್ಲೂ 22,200 ಬಂದಿದ್ದರೆ ಆ ಹೆಚ್ಚಳ ರಾತ್ರಿಯದ್ದಲ್ಲ.

ಅಪ್ರೈಸಲ್ ವಾದವೇ ಎಲ್ಲಕ್ಕಿಂತ ಕಠಿಣ. ಅಂಕ ಕೊಡುವವರು ಮೇಲಿನವರು, ಅಂಕದ ಹಾಳೆ ಅವರ ಕೈಯಲ್ಲಿ. ಇಲ್ಲಿ ಎರಡು ಹಂತದಲ್ಲಿ ನೋಡಬೇಕು. ಮೊದಲು, ಒಂದೇ ಅಂಕ ಪಡೆದವರಿಗೆ ಒಂದೇ ಹೆಚ್ಚಳ ಸಿಕ್ಕಿತೇ? ಐದಕ್ಕೆ ನಾಲ್ಕು ಅಂಕ ಪಡೆದ ಗಂಡಸಿಗೆ ಶೇ 8, ಅದೇ ನಾಲ್ಕು ಪಡೆದ ಹೆಣ್ಣುಮಗಳಿಗೆ ಶೇ 5 ಹೆಚ್ಚಳವಾಗಿದ್ದರೆ ಅರ್ಹತೆಯ ವಾದ ಅಲ್ಲೇ ಮುಗಿಯಿತು. ಅರ್ಹತೆ ಸಮ ಎಂದು ಬರೆದುಕೊಟ್ಟವರು ಅವರೇ. ಎರಡನೆಯದು, ಅಂಕವೇ ಬೇರೆಯಾಗಿದ್ದರೆ ಅದು ಎಣಿಸಬಹುದಾದ ಕೆಲಸಕ್ಕೆ ಹೊಂದುತ್ತದೆಯೇ? ಇನ್‌ಸ್ಪೆಕ್ಷನ್ ರಿಜಿಸ್ಟರ್‌ನಲ್ಲಿ ಸಹಿಗಳಿರುತ್ತವೆ. ಒಂದು ವರ್ಷದಲ್ಲಿ ಆಕೆ 1,140 ಲಾಟ್ ನೋಡಿದ್ದಾಳೆ, ಅವುಗಳಲ್ಲಿ ಗಿರಾಕಿಯಿಂದ ವಾಪಸ್ ಬಂದದ್ದು ಮೂರು. ಅವನು 1,095 ನೋಡಿದ್ದಾನೆ, ವಾಪಸ್ ಬಂದದ್ದು ನಾಲ್ಕು. ಹೀಗಿರುವಾಗ ಅವನಿಗೆ ನಾಲ್ಕು, ಆಕೆಗೆ ಮೂರು ಅಂಕ ಏಕೆ ಎಂಬ ಪ್ರಶ್ನೆಗೆ ಉತ್ತರ ಮೇಲಧಿಕಾರಿಯೇ ಕೊಡಬೇಕು. ಇಂಥ ಎಣಿಕೆಯನ್ನು ದೂರು ಕೊಡುವ ಮೊದಲೇ, ತನ್ನ ಸಹಿ ಇರುವ ಪುಟಗಳಿಂದ ಡೈರಿಯಲ್ಲಿ ದಿನವೂ ಬರೆದಿಟ್ಟುಕೊಂಡವರಿಗೆ ಮುಂದೆ ದಾರಿ ಸಲೀಸು.

"ಅವನ ಹಿಂದಿನ ಕಂಪನಿಯ ಪಗಾರವೇ ಹೆಚ್ಚಿತ್ತು, ಚೌಕಾಶಿ ಮಾಡಿ ಬಂದ" ಎಂಬುದು ಮಾಲೀಕರ ಇನ್ನೊಂದು ವಾದ. ಮಾರುಕಟ್ಟೆ ದರ ಕೊಡದಿದ್ದರೆ ಒಳ್ಳೆಯ ಕೆಲಸಗಾರರು ಸಿಗುವುದಿಲ್ಲ ಎಂಬ ಅವರ ಕಷ್ಟ ನಿಜವಿರಬಹುದು. ಆದರೆ ವ್ಯಾಖ್ಯೆಯಲ್ಲಿರುವ ನಾಲ್ಕು ಅಳತೆಗಳಲ್ಲಿ ಹಿಂದಿನ ಪಗಾರವೂ ಇಲ್ಲ, ಚೌಕಾಶಿಯೂ ಇಲ್ಲ. ಮೇಲಾಗಿ ಹಿಂದಿನ ಜಾಗದ ಭೇದವನ್ನೇ ಹೊಸ ಜಾಗಕ್ಕೆ ಹೊತ್ತು ತಂದರೆ ಅದು ಎಂದೂ ಮುಗಿಯುವುದಿಲ್ಲ.

ಇನ್ನು ಕೆಲವೊಮ್ಮೆ ಕಾರಣವನ್ನು ಬಾಯಿಬಿಟ್ಟೇ ಹೇಳುತ್ತಾರೆ: "ಅಂವಂಗ ಮನಿ ನಡಸೂದೈತಿ, ನಿಮಗ ಗಂಡನ ಪಗಾರ ಐತಲ್ಲ." ಹೇಳುವವರಿಗೆ ಇದು ಸಹಜ ಮಾತು. ಕಾನೂನಿನ ಕಣ್ಣಿಗೆ ಇದು ಲಿಂಗವೇ ಕಾರಣ ಎಂಬ ನೇರ ಒಪ್ಪಿಗೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರೆದುರು ಹೇಳಿದರು ಎಂದು ಅಂದೇ ಬರೆದಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಮೂಲ ಸಂದೇಶವಿರುವ ಫೋನನ್ನೇ ಉಳಿಸಿಕೊಳ್ಳಬೇಕು. ವಿದ್ಯುನ್ಮಾನ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮ ಹೊಲಗಳಲ್ಲಿ "ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ" ಎಂದು ದರವನ್ನೇ ಲಿಂಗದ ಹೆಸರಿನಲ್ಲಿ ಕರೆಯುವುದೂ ಇದೇ ಬಗೆಯ ಸಾಕ್ಷ್ಯ. ಆದರೆ ಅಲ್ಲೂ ಇಬ್ಬರೂ ಅದೇ ರಾಶಿ, ಅದೇ ಕೊಯ್ಲು ಮಾಡಿರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು ಚೀಲ ಹೊರುವ ಹಮಾಲರ ಕೂಲಿಗೆ ಹೋಲಿಸಿಕೊಂಡರೆ ವೇತನ ಸಂಹಿತೆಯ ಕಲಂ 3ರಡಿ ಅರ್ಜಿ ನಿಲ್ಲುವುದು ಕಷ್ಟ.

## ಹತ್ತು ಜನರ ಪಟ್ಟಿ ಏನು ಹೇಳುತ್ತದೆ

ಒಬ್ಬಳ ಪಗಾರ ಕಡಿಮೆಯಿರಲು ನೂರು ಕಾರಣ ಇರಬಹುದು. ನಾಲ್ವರೂ ಹೆಣ್ಣುಮಕ್ಕಳು ಪಟ್ಟಿಯ ಕೊನೆಯ ನಾಲ್ಕು ಜಾಗಗಳಲ್ಲೇ ಇರುವುದು ಆಕಸ್ಮಿಕವೇ? ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಹತ್ತು ಜಾಗಗಳಿಂದ ನಾಲ್ಕನ್ನು ಆರಿಸಲು 210 ರೀತಿಗಳಿವೆ. ಅವುಗಳಲ್ಲಿ ಕೊನೆಯ ನಾಲ್ಕೇ ಬರುವುದು ಒಂದು ರೀತಿ. ಅಂದರೆ ಲಿಂಗಕ್ಕೂ ಪಗಾರಕ್ಕೂ ಸಂಬಂಧವೇ ಇಲ್ಲದಿದ್ದರೆ ಹೀಗಾಗುವ ಸಾಧ್ಯತೆ 210ರಲ್ಲಿ ಒಂದು. ಐದೇ ಜನರಿದ್ದು ಇಬ್ಬರು ಹೆಣ್ಣುಮಕ್ಕಳು ಕೊನೆಯಲ್ಲಿದ್ದರೆ ಅದು 10ರಲ್ಲಿ ಒಂದು; ಅದನ್ನೇ ನಂಬಿ ಕೂರುವಂತಿಲ್ಲ.

ಈ ಲೆಕ್ಕ ಬೇಗ ಕುಸಿಯಬಹುದು. ಗಂಡಸರೆಲ್ಲ 2017ರಲ್ಲಿ, ಹೆಣ್ಣುಮಕ್ಕಳೆಲ್ಲ 2023ರಲ್ಲಿ ಸೇರಿದ್ದರೆ ಪಟ್ಟಿ ತೋರಿಸುವುದು ಹಿರಿತನವನ್ನು. ಹಾಗಾಗಿ ಹೆಸರು ಮತ್ತು ಪಗಾರದ ಪಕ್ಕದಲ್ಲಿ ಸೇರಿದ ತಿಂಗಳು, ವಿದ್ಯಾರ್ಹತೆ, ಪಾಳಿ, ಅಂಕ ಇವುಗಳ ಕಾಲಂ ಇರಲೇಬೇಕು. ಅವು ಸಮವಾಗಿದ್ದೂ ಪಗಾರ ಮಾತ್ರ ಎರಡು ಗುಂಪಾಗಿ ಒಡೆದಿದ್ದರೆ ಪಟ್ಟಿಗೆ ಬಲ ಬರುತ್ತದೆ.

## ಜಾತಿಯ ಪ್ರಶ್ನೆ ಏಕೆ ಹೆಚ್ಚು ಕಠಿಣ

ಈ ಪಟ್ಟಿಯಲ್ಲಿ ಮಾಲೀಕನಿಗೆ ಒಂದು ಜಾಣ ಉತ್ತರವಿದೆ: "ಒಬ್ಬ ಗಂಡಸಿಗೂ 19,400 ಮಾತ್ರ ಇದೆ. ಹಾಗಾದರೆ ಇದು ಲಿಂಗಭೇದ ಹೇಗಾಗುತ್ತದೆ?" ಹಲವು ದೂರುದಾರರು ಇಲ್ಲಿ ತಡವರಿಸುತ್ತಾರೆ. ಉತ್ತರ ಎರಡು ಭಾಗದ್ದು. ಅವನಿಗೂ ಎಲ್ಲ ಹೆಣ್ಣುಮಕ್ಕಳಿಗಿಂತ ಹೆಚ್ಚೇ ಇದೆ. ಮತ್ತು ಉಳಿದ ಗಂಡಸರಿಗಿಂತ ಅವನಿಗೇಕೆ ಕನಿಷ್ಠ 2,200 ರೂಪಾಯಿ ಕಡಿಮೆ ಎಂಬುದನ್ನು ಮಾಲೀಕನೇ ವಿವರಿಸಬೇಕು. ಮಾಲೀಕ ಕೊಡುವ ಕಾರಣ ನಿಜವಾಗಿದ್ದರೆ ಆ ಗಂಡಸನ್ನು ಹೋಲಿಕೆಯಿಂದ ಹೊರಗಿಡಬಹುದು, ಲಿಂಗದ ಅಂತರ ಹಾಗೆಯೇ ಉಳಿಯುತ್ತದೆ. ಕಾರಣವೇ ಇಲ್ಲದಿದ್ದರೆ ಜಾತಿಯ ಪ್ರಶ್ನೆ ಎದ್ದು ನಿಲ್ಲುತ್ತದೆ.

ಜಾತಿಯನ್ನು ಲೆಕ್ಕ ಹಾಕುವಾಗ ಗಂಡಸರನ್ನೂ ಹೆಣ್ಣುಮಕ್ಕಳನ್ನೂ ಬೆರೆಸಬಾರದು. ಬೆರೆಸಿದರೆ ಲಿಂಗದ ಅಂತರವೇ ಜಾತಿಯ ಅಂತರದಂತೆ ಕಾಣಿಸುತ್ತದೆ, ಎದುರಿನವರು ಅದನ್ನು ಸುಲಭವಾಗಿ ಒಡೆಯುತ್ತಾರೆ. ಆರು ಗಂಡಸರೊಳಗೆ ಪರಿಶಿಷ್ಟ ಜಾತಿಯ ಒಬ್ಬನೇ ಕೊನೆಯಲ್ಲಿರುವುದು ಆಕಸ್ಮಿಕವಾಗಿ ಆಗುವ ಸಾಧ್ಯತೆ 6ರಲ್ಲಿ ಒಂದು. ನಾಲ್ವರು ಹೆಣ್ಣುಮಕ್ಕಳೊಳಗೆ ಇಬ್ಬರು ಕೊನೆಯ ಎರಡು ಜಾಗದಲ್ಲಿರುವುದೂ 6ರಲ್ಲಿ ಒಂದು. ಎರಡೂ ಒಟ್ಟಿಗೆ ಆಗುವುದು 36ರಲ್ಲಿ ಒಂದು. ಗಮನಿಸಬೇಕಾದ ಸಂಖ್ಯೆ, ಆದರೆ 210ರಷ್ಟು ಗಟ್ಟಿಯಲ್ಲ. ಜೊತೆಗೆ ಬೇರೆ ಸಾಕ್ಷ್ಯ ಬೇಕೇ ಬೇಕು.

ಆ ಸಾಕ್ಷ್ಯ ಏನು? ಮೊದಲನೆಯದು, ಪಗಾರ ತೀರ್ಮಾನಿಸಿದವರಿಗೆ ಜಾತಿ ಗೊತ್ತಿತ್ತು ಎಂಬುದು. ಅರ್ಜಿಯ ಜೊತೆ ಕೊಟ್ಟ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಉಲ್ಲೇಖ, ಓಣಿಯ ಹೆಸರಿರುವ ವಿಳಾಸ, "ಯಾವ ಪೈಕಿ ನೀವು?" ಎಂದು ಕೇಳಿದ ಸಂದರ್ಶನ, ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಗೊತ್ತೇ ಇರಲಿಲ್ಲ ಎಂದು ಮಾಲೀಕ ಸಾಧಿಸಿದರೆ ಉಳಿದದ್ದೆಲ್ಲ ಬಿದ್ದುಹೋಗುತ್ತದೆ. ಎರಡನೆಯದು, ಕೆಲಸ ಹಂಚಿಕೆ. ಒಂದೇ ಹುದ್ದೆಯವರಲ್ಲಿ ಕೂಲಂಟ್ ಟ್ರೇ ತೊಳೆಯುವುದು, ಶೌಚಾಲಯ ಸ್ವಚ್ಛ ಮಾಡಿಸುವುದು ಸದಾ ಪರಿಶಿಷ್ಟ ಜಾತಿಯ ಈ ಮೂವರ ಪಾಲಿಗೇ ಬಂದಿದ್ದರೆ, ಮತ್ತು ಅಷ್ಟು ಹೊತ್ತು ಟೇಬಲ್ ಬಿಟ್ಟದ್ದರಿಂದ ಲಾಟ್ ಎಣಿಕೆ ಇಳಿದು ಅಂಕ ಕಡಿಮೆಯಾಗಿದ್ದರೆ, ಅರ್ಹತೆಯ ಹೆಸರಿನಲ್ಲಿ ಜಾತಿ ಪಗಾರಕ್ಕೆ ಇಳಿದ ದಾರಿ ಕಣ್ಣಿಗೆ ಕಾಣುತ್ತದೆ. ಜಾತಿಯ ಭೇದ ಪಗಾರ ಚೀಟಿಗಿಂತ ಮೊದಲು ಕೆಲಸ ಹಂಚುವ ಹಾಳೆಯಲ್ಲಿ ಸಿಗುತ್ತದೆ, ಹುಡುಕಬೇಕಾದ್ದು ಅಲ್ಲಿ. ಮೂರನೆಯದು, ಆಡಿದ ಮಾತು ಮತ್ತು ಅದನ್ನು ಕೇಳಿಸಿಕೊಂಡ ಸಾಕ್ಷಿ.

ಈ ಸಾಕ್ಷ್ಯ ಹಿಡಿದು ಹೋಗುವುದೆಲ್ಲಿ? ಕಾರ್ಖಾನೆಯ ಕೆಲಸಗಾರರಿಗೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಒಂದು ಹಿಡಿಕೆಯಿದೆ. ಅರ್ಹತೆಯನ್ನು ನೋಡದೆ ಒಂದು ಗುಂಪಿನ ಕೆಲಸಗಾರರ ಪರ ಪಕ್ಷಪಾತ ತೋರುವುದನ್ನು ಅದರ ಎರಡನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದು ಕರೆದಿದೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದು ಇತ್ತು. ಜಾತಿ ಎಂಬ ಪದ ಅಲ್ಲಿಲ್ಲದಿದ್ದರೂ ಇಂಥ ಪಕ್ಷಪಾತ ಅದರೊಳಗೆ ಬರುತ್ತದೆ ಎಂದು ವಾದಿಸಲು ಜಾಗವಿದೆ. ಇಲ್ಲಿ ಎರಡು ತೊಡಕು. ಪಗಾರದ ವಿವಾದವನ್ನು ಒಬ್ಬೊಬ್ಬರೇ ಎತ್ತುವುದು ಕಷ್ಟ, ಯೂನಿಯನ್ ಅಥವಾ ಕೆಲಸಗಾರರ ಗುಂಪು ಜೊತೆ ನಿಲ್ಲಬೇಕು. ಮತ್ತು ತಿಂಗಳಿಗೆ 18,000 ಮೀರಿ ಪಡೆಯುವ ಮೇಲ್ವಿಚಾರಕರು ಈ ಸಂಹಿತೆಯ "ಕೆಲಸಗಾರ" ವ್ಯಾಖ್ಯೆಗೆ ಬರುವುದಿಲ್ಲ. ನಮ್ಮ ಹತ್ತೂ ಜನರ ಒಟ್ಟು ಪಗಾರ 18,000 ಮೀರಿದೆ. "ಇವರು ಸೂಪರ್‌ವೈಸರ್‌ಗಳು" ಎಂಬ ವಾದ ಬಂದರೆ ಹುದ್ದೆಯ ಹೆಸರನ್ನು ಬಿಟ್ಟು, ತಾವು ಯಾರ ಮೇಲೂ ಉಸ್ತುವಾರಿ ಮಾಡುವುದಿಲ್ಲ, ಅಳತೆ ನೋಡುವ ತಾಂತ್ರಿಕ ಕೆಲಸ ಮಾಡುತ್ತೇವೆ ಎಂದು ತೋರಿಸಬೇಕು. ವೇತನ ಸಂಹಿತೆಯಲ್ಲಿ ಈ ತೊಂದರೆಯಿಲ್ಲ. ಅದರ "ನೌಕರ" ಎಂಬ ಪದದಲ್ಲಿ ಮೇಲ್ವಿಚಾರಕರೂ ಮ್ಯಾನೇಜರ್‌ಗಳೂ ಸೇರಿದ್ದಾರೆ.

ಭೇದ ಅಪರಾಧದ ಮಟ್ಟಕ್ಕೇರಿದರೆ ದಾರಿ ಬೇರೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಆರ್ಥಿಕ ಬಹಿಷ್ಕಾರವನ್ನು ಅಪರಾಧವೆನ್ನುತ್ತದೆ. ಸಾಮಾನ್ಯವಾಗಿ ಎಲ್ಲರೊಡನೆ ವ್ಯವಹರಿಸುವ ಷರತ್ತುಗಳ ಮೇಲೆ ವ್ಯವಹರಿಸಲು ನಿರಾಕರಿಸುವುದೂ ಅದರ ವ್ಯಾಖ್ಯೆಯಲ್ಲಿದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ ಕಲಂ 12 ಇನ್ನೂ ಮುಖ್ಯ: ಆ ಕಾಯ್ದೆಯಡಿ ಅಪರಾಧವಾಗುವ ಕೃತ್ಯ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅಲ್ಲವೆಂದು ಸಾಬೀತಾಗುವವರೆಗೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಎಂದು ಕೋರ್ಟ್ ಭಾವಿಸಬೇಕು. ಆದರೆ ಬರೀ ಪಗಾರದ ಅಂತರವನ್ನೇ ಹಿಡಿದು ಪೊಲೀಸ್ ಠಾಣೆಗೆ ಹೋದರೆ ಪ್ರಕರಣ ದುರ್ಬಲವಾಗುತ್ತದೆ. ಜಾತಿನಿಂದನೆ, ಕೆಲಸ ಮಾಡದಂತೆ ಅಡ್ಡಿ, ಬಹಿಷ್ಕಾರ ಇವುಗಳ ನಿರ್ದಿಷ್ಟ ಘಟನೆ, ದಿನಾಂಕ, ಸಾಕ್ಷಿ ಇದ್ದಾಗ ಆ ದಾರಿ ಸರಿ. ಸಹಾಯವಾಣಿ 14566.

ಸರ್ಕಾರಿ ನೌಕರರ ಸ್ಥಿತಿ ಬೇರೆ. ಸಂವಿಧಾನದ 16ನೇ ವಿಧಿಯಲ್ಲಿ ಜಾತಿ, ಲಿಂಗ ಎರಡೂ ಇರುವುದರಿಂದ ಅವರು ನೇಮಕಾತಿ ಪ್ರಾಧಿಕಾರವನ್ನು ನೇರವಾಗಿ ಪ್ರಶ್ನಿಸಬಹುದು, ಮತ್ತು ಮಾಹಿತಿ ಹಕ್ಕಿನಡಿ ಪ್ರತಿಯೊಬ್ಬರ ಮಾಸಿಕ ವೇತನ ಪ್ರಕಟವಾಗಬೇಕು.

## ಅರ್ಜಿ, ಮೊತ್ತ, ಗಡುವು

ಲಿಂಗಭೇದದ ಅರ್ಜಿಯನ್ನು ನೌಕರಳೇ ಕೊಡಬಹುದು, ಯೂನಿಯನ್ನೂ ಕೊಡಬಹುದು. ಒಂದೇ ಸಂಸ್ಥೆಯ ಎಷ್ಟು ಜನರಿಗಾದರೂ ಒಂದೇ ಅರ್ಜಿ ಸಾಕು. ನಾಲ್ವರೂ ಒಟ್ಟಿಗೆ ಸಹಿ ಹಾಕಿದರೆ ಒಬ್ಬಳನ್ನು ಗುರಿಯಾಗಿಸುವುದು ಕಷ್ಟ, 210ರ ಲೆಕ್ಕಕ್ಕೂ ಆಗ ಅರ್ಥ ಬರುತ್ತದೆ. ಅರ್ಜಿ ಹೋಗುವುದು ಕಾರ್ಮಿಕ ಇಲಾಖೆಯ ಮೂಲಕ, ಗೆಜೆಟೆಡ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂದೆ. ಹಳೆಯ ಕಾಯ್ದೆಯಡಿ ಹೊರಟ ಅಧಿಸೂಚನೆಗಳು ಹೊಸದಕ್ಕೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ಹಾಗಾಗಿ "ನಿಯಮ ಬಂದಿಲ್ಲ, ಆಮೇಲೆ ಬನ್ನಿ" ಎಂದರೆ ಅರ್ಜಿ ಕೊಟ್ಟು ಸ್ವೀಕೃತಿ ಕೇಳುವುದೇ ಸರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಪ್ರಾಧಿಕಾರವಿದೆ. ಸಂಖ್ಯೆ 15100.

ಮೊತ್ತವನ್ನು ಕೊನೆಯ ತಿಂಗಳ ಅಂತರವನ್ನೇ 36ರಿಂದ ಗುಣಿಸಿ ಬರೆಯಬಾರದು. 3,700ನ್ನು ಹಾಗೆ ಗುಣಿಸಿದರೆ 1,33,200 ಬರುತ್ತದೆ. ಆದರೆ ಅಂತರ ವರ್ಷದಿಂದ ವರ್ಷಕ್ಕೆ ಬೆಳೆದಿರುತ್ತದೆ. ಮೊದಲ ವರ್ಷ ತಿಂಗಳಿಗೆ 2,200, ಎರಡನೆಯದರಲ್ಲಿ 3,000, ಮೂರನೆಯದರಲ್ಲಿ 3,700 ಇದ್ದರೆ ನಿಜವಾದ ಮೊತ್ತ 26,400, 36,000 ಮತ್ತು 44,400 ಸೇರಿ 1,06,800. ಉಬ್ಬಿಸಿದ ಸಂಖ್ಯೆ ಬರೆದು, ಅದು ಪಾಟೀಸವಾಲಿನಲ್ಲಿ ಇಳಿದರೆ ಉಳಿದ ಮಾತಿನ ಮೇಲಿನ ನಂಬಿಕೆಯೂ ಇಳಿಯುತ್ತದೆ.

ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗಿದೆ. ಅದು ಮೇಲ್ಮಿತಿ, ಎಲ್ಲರಿಗೂ ಹತ್ತು ಪಟ್ಟು ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. 2025ರ ನವೆಂಬರ್ 21ಕ್ಕಿಂತ ಹಿಂದಿನ ತಿಂಗಳುಗಳಿಗೆ ಈ ಪರಿಹಾರ ಅನ್ವಯಿಸದು ಎಂದು ಮಾಲೀಕರ ವಕೀಲರು ವಾದಿಸುವುದು ಬಹುತೇಕ ಖಚಿತ. ಆ ತಿಂಗಳುಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದರೆ ಆ ವಾದ ಗೆದ್ದರೂ ಉಳಿದ ಮೊತ್ತಕ್ಕೆ ಧಕ್ಕೆಯಾಗುವುದಿಲ್ಲ.

ದೂರು ಬರುವ ಸುಳಿವು ಸಿಕ್ಕರೆ ಕೆಲವು ಸಂಸ್ಥೆಗಳು ಹುದ್ದೆಯ ಹೆಸರು ಬದಲಿಸಬಹುದು. ಗಂಡಸರು "ಸೀನಿಯರ್ ಇನ್‌ಸ್ಪೆಕ್ಟರ್", ಹೆಣ್ಣುಮಕ್ಕಳು "ಕ್ವಾಲಿಟಿ ಅಸಿಸ್ಟೆಂಟ್" ಆಗುತ್ತಾರೆ. ಟೇಬಲ್ ಅದೇ, ಕ್ಯಾಲಿಪರ್ ಅದೇ. ಇದಕ್ಕಾಗಿಯೇ ಮೊದಲ ಪತ್ರ ಕೊಡುವ ಮುನ್ನ ನೇಮಕಾತಿ ಆದೇಶ, ಐಡಿ ಕಾರ್ಡ್, ಡ್ಯೂಟಿ ಚಾರ್ಟ್‌ನಲ್ಲಿ ತನ್ನ ಸಾಲಿನ ನಕಲು ಮನೆಯಲ್ಲಿರಬೇಕು. ಹೆಸರು ಬದಲಾದ ದಿನಾಂಕವನ್ನು ಪತ್ರದ ದಿನಾಂಕದ ಪಕ್ಕದಲ್ಲಿಟ್ಟರೆ ಅಧಿಕಾರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಅರ್ಜಿಗೆ ಗಡುವು ಮೂರು ವರ್ಷ. ಪ್ರತಿ ತಿಂಗಳ ಕಡಿಮೆ ಪಗಾರವೂ ಒಂದೊಂದು ಹಕ್ಕಾಗಿ ಎಣಿಕೆಯಾಗುತ್ತದೆ, ಒಂದೊಂದಕ್ಕೂ ಅದರದೇ ಮೂರು ವರ್ಷ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಅಧಿಕಾರಿ ಮನ್ನಿಸಬಹುದು, ಆದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ನಮ್ಮ ಉದಾಹರಣೆಯ ಹೆಣ್ಣುಮಗಳು ಅರ್ಜಿಯನ್ನು ಮುಂದಿನ ತಿಂಗಳಿಗೆ ಹಾಕಿದರೆ ಪಟ್ಟಿಯ ಮೊದಲ ಸಾಲಿನ 2,200 ರೂಪಾಯಿ ಗಡುವು ದಾಟುತ್ತದೆ. ಅದರ ಮುಂದಿನ ತಿಂಗಳು ಇನ್ನೊಂದು 2,200.